ಹೆಸರು ನೆನಪಿಲ್ಲದ ಚಿತ್ರವನ್ನು ಟಿವಿಯಲ್ಲಿ ಕೇಳುವ ಬಗೆ

ಒಟಿಟಿ ವೇದಿಕೆಗೆ ಹೋಗುವ ಪ್ರತಿಯೊಂದು ಚಿತ್ರದ ಜೊತೆಗೆ ಒಂದು ವಿವರಪಟ್ಟಿಯೂ ಹೋಗುತ್ತದೆ. ಅಂತಹ ಪಟ್ಟಿಗಳನ್ನು ಸಿದ್ಧಪಡಿಸುವುದು ನನ್ನ ವೃತ್ತಿ. ಚಿತ್ರದ ಹೆಸರು, ಭಾಷೆ, ಬಿಡುಗಡೆಯಾದ ವರ್ಷ, ನಿರ್ದೇಶಕರು, ಮುಖ್ಯ ಕಲಾವಿದರು, ಪ್ರಕಾರ, ಎರಡು ಮೂರು ವಾಕ್ಯಗಳ ಕಥಾಸಾರ ಮತ್ತು ಕೆಲವು ಗುರುತುಪದಗಳು ಅದರಲ್ಲಿರುತ್ತವೆ. ರಿಮೋಟಿನ ಮೈಕ್ ಬಟನ್ ಒತ್ತಿ ನಾವು ಆಡಿದ ಮಾತನ್ನು ಟಿವಿ ಮೊದಲು ಅಕ್ಷರಕ್ಕಿಳಿಸುತ್ತದೆ, ಆಮೇಲೆ ಆ ಅಕ್ಷರಗಳನ್ನು ಬಹುಮಟ್ಟಿಗೆ ಇಂತಹ ಪಟ್ಟಿಗಳಲ್ಲಿ ಹುಡುಕುತ್ತದೆ. ನಾವು ಕಣ್ಣಾರೆ ಕಂಡ ದೃಶ್ಯವು ಪಟ್ಟಿಯಲ್ಲಿ ಬರಹವಾಗಿ ಇಲ್ಲದಿದ್ದರೆ ಎಷ್ಟು ಸ್ಪಷ್ಟವಾಗಿ ಹೇಳಿದರೂ ಚಿತ್ರ ಸಿಗುವುದು ಕಷ್ಟ.

ತೊಡಕು ಇರುವುದು ನಮ್ಮ ನೆನಪಿನ ಸ್ವಭಾವದಲ್ಲಿ. ಬಹಳ ಹಿಂದೆ ನೋಡಿದ ಚಿತ್ರದಲ್ಲಿ ನಮಗೆ ಉಳಿದಿರುವುದು ಸಾಮಾನ್ಯವಾಗಿ ಅದರ ಕೊನೆ, ಒಂದು ಹಾಡು, ಇಲ್ಲವೇ ಮನಸ್ಸನ್ನು ಕಲಕಿದ ಒಂದು ಸನ್ನಿವೇಶ. ಕಥಾಸಾರ ಬರೆಯುವವರಿಗಾದರೋ ಕೊನೆಯನ್ನು ಬಿಟ್ಟುಕೊಡಬಾರದೆಂಬ ಕಟ್ಟುಪಾಡಿದೆ. ನಾಯಕ ಯಾರು, ಏನು ಕೆಲಸ ಮಾಡುತ್ತಾನೆ, ಎಲ್ಲಿದ್ದಾನೆ, ಯಾವ ಇಕ್ಕಟ್ಟಿಗೆ ಸಿಕ್ಕಿಬೀಳುತ್ತಾನೆ ಎನ್ನುವಷ್ಟನ್ನು ಹೇಳಿ ನಾವು ನಿಲ್ಲಿಸಿಬಿಡುತ್ತೇವೆ. ಆದ್ದರಿಂದ ‘ಕೊನೆಯಲ್ಲಿ ತಮ್ಮ ಸಾಯುವ ಸಿನಿಮಾ’ ಎಂಬ ಮಾತಿಗೆ ಉತ್ತರ ಅಪರೂಪ. ಅದೇ ಚಿತ್ರದ ಮೊದಲ ಅರ್ಧ ಗಂಟೆಯನ್ನು ನೆನಪಿಸಿಕೊಂಡು, ಒಂದು ಉದ್ಯೋಗ, ಒಂದು ಸ್ಥಳ ಮತ್ತು ಒಂದು ಸಮಸ್ಯೆಯನ್ನು ಹೇಳಿದರೆ, ಕಥಾಸಾರ ಬರೆದವರು ಬಳಸಿರಬಹುದಾದ ಪದಗಳೇ ನಮ್ಮ ಬಾಯಲ್ಲೂ ಬರುವ ಸಾಧ್ಯತೆ ಹೆಚ್ಚು.

ಒಂದು ಉದಾಹರಣೆಯನ್ನು ಪೂರ್ತಿಯಾಗಿ ನೋಡೋಣ. ಚಿತ್ರಮಂದಿರದಲ್ಲಿ ಟಾರ್ಚ್ ಹಿಡಿದು ಪ್ರೇಕ್ಷಕರಿಗೆ ಆಸನ ತೋರಿಸುವ ಹುಡುಗನೊಬ್ಬನಿಗೆ ನಿದ್ದೆ ಬರುವುದಿಲ್ಲ. ಒಂದು ಮಾತ್ರೆ ನುಂಗಿದಾಗ ಅವನು ಕನಸಿನಲ್ಲಿ ಸಿನಿಮಾ ನಟನಾಗುತ್ತಾನೆ. ಚಿತ್ರದ ಒಂದು ಭಾಗ ಕಪ್ಪು ಬಿಳುಪಿನಲ್ಲಿತ್ತು. ನೋಡುಗರಿಗೆ ಇಷ್ಟು ಮಾತ್ರ ನೆನಪಿದೆ, ಹೆಸರು ಮರೆತಿದೆ ಎಂದಿಟ್ಟುಕೊಳ್ಳಿ. ಪವನ್ ಕುಮಾರ್ ನಿರ್ದೇಶನದಲ್ಲಿ 2013ರಲ್ಲಿ ಬಂದ ‘ಲೂಸಿಯಾ’ ಅದು.

ಇದನ್ನು ‘ನಿದ್ದೆ ಬರದವನ ಸಿನಿಮಾ’ ಎಂದಷ್ಟೇ ಕೇಳಿದರೆ ಟಿವಿ ನಿದ್ದೆ ಬರಿಸುವ ಸಂಗೀತದ ವಿಡಿಯೊಗಳನ್ನು ತಂದು ಸುರಿದರೂ ಅಚ್ಚರಿಯಿಲ್ಲ. ಕನ್ನಡ ಚಿತ್ರಗಳ ಕಥಾಸಾರವೂ ಹೆಚ್ಚಾಗಿ ಇಂಗ್ಲಿಷಿನಲ್ಲೇ ಬರೆದಿರುವುದರಿಂದ, ರಿಮೋಟಿನ ಭಾಷೆಯನ್ನು ಭಾರತೀಯ ಇಂಗ್ಲಿಷಿಗೆ ಇಟ್ಟುಕೊಂಡು, ‘ಕನ್ನಡ ಮೂವಿ, ಥಿಯೇಟರ್ ಅಷರ್, ಸ್ಲೀಪಿಂಗ್ ಪಿಲ್, ಡ್ರೀಮ್ಸ್ ಆಫ್ ಬೀಯಿಂಗ್ ಎ ಫಿಲ್ಮ್ ಸ್ಟಾರ್’ ಎನ್ನುವುದು ಒಳ್ಳೆಯದು. ಇಲ್ಲಿ ತೂಕವಿರುವ ಪದ ‘ಅಷರ್’. ಪಿಲ್, ಡ್ರೀಮ್ಸ್, ಸ್ಟಾರ್ ಎಂಬ ಪದಗಳು ಎಷ್ಟೋ ಚಿತ್ರಗಳ ವಿವರದಲ್ಲಿ ಇದ್ದೇ ಇರುತ್ತವೆ, ಚಿತ್ರಮಂದಿರದ ಟಾರ್ಚ್ ಹುಡುಗ ನಾಯಕನಾದ ಚಿತ್ರಗಳಾದರೋ ವಿರಳ. ಹೇಳಬೇಕಾದ ಐದಾರು ಪದಗಳಲ್ಲಿ ಒಂದಾದರೂ ಹೀಗೆ ಬೇರೆ ಕಡೆ ಸಿಗದಂಥದ್ದಾಗಿರಲಿ. ಕಪ್ಪು ಬಿಳುಪಿನ ಸಂಗತಿಯನ್ನು ಸದ್ಯಕ್ಕೆ ಹೇಳದಿರುವುದೇ ಲೇಸು. ಟಿವಿ ಅದನ್ನು ಪ್ರಕಾರವೆಂದು ಗ್ರಹಿಸಿ ಅರವತ್ತರ ದಶಕದ ಚಿತ್ರಗಳತ್ತ ಹೊರಳಬಹುದು.

‘ಕನ್ನಡ’ ಎಂಬ ಪದವನ್ನು ಬಿಟ್ಟರೆ ಇನ್ನೊಂದು ಗೊಂದಲ ಎದುರಾಗುತ್ತದೆ. ಈ ಚಿತ್ರ 2015ರಲ್ಲಿ ‘ಎನಕ್ಕುಳ್ ಒರುವನ್’ ಎಂಬ ಹೆಸರಿನಲ್ಲಿ ಸಿದ್ಧಾರ್ಥ್ ನಾಯಕತ್ವದಲ್ಲಿ ತಮಿಳಿಗೆ ಹೋಯಿತು. ಕಥೆ ಅದೇ ಆದ್ದರಿಂದ ವರ್ಣನೆಯೂ ಅದಕ್ಕೆ ಪೂರ್ತಿ ಹೊಂದುತ್ತದೆ, ಟಿವಿ ಅದನ್ನು ಮೊದಲು ತೋರಿಸಿದರೆ ತಪ್ಪೆನ್ನಲಾಗದು. ಕಥೆ ಸರಿ, ಮುಖಗಳು ಬೇರೆ ಎನ್ನಿಸಿದಾಗ ರೀಮೇಕ್ ಸಿಕ್ಕಿದೆ ಎಂದು ತಿಳಿಯಬೇಕು. ಆಗ ಹುಡುಕಾಟವನ್ನು ಕೈಬಿಡಬೇಕಾಗಿಲ್ಲ: ಆ ಚಿತ್ರದ ಹೆಸರಿಗೆ ‘ಒರಿಜಿನಲ್ ಕನ್ನಡ ಮೂವಿ’ ಎಂದು ಸೇರಿಸಿ ಫೋನಿನಲ್ಲಿ ಕೇಳಿದರೆ ಮೂಲ ಚಿತ್ರದ ಹೆಸರು ಸಿಗುತ್ತದೆ. ದಕ್ಷಿಣದ ಭಾಷೆಗಳ ನಡುವೆ ರೀಮೇಕುಗಳ ಓಡಾಟ ಹೆಚ್ಚಿರುವ ಕಾರಣ ಇದು ಆಗಾಗ ಉಪಯೋಗಕ್ಕೆ ಬರುವ ದಾರಿ.

ಕಲಾವಿದರ ಹೆಸರು ನೆನಪಿದ್ದರೆ ವರ್ಣನೆಗಿಂತ ಅದೇ ಹತ್ತಿರದ ದಾರಿ, ಏಕೆಂದರೆ ಹೆಸರುಗಳಿಗೆ ಪಟ್ಟಿಯಲ್ಲಿ ಪ್ರತ್ಯೇಕ ಸ್ಥಾನವಿದೆ. ಆದರೆ ‘ಲೂಸಿಯಾ’ದ ನಾಯಕ ಸತೀಶ್ ನೀನಾಸಂ ಎಂಬಂತಹ ಹೆಸರನ್ನು ಇಂಗ್ಲಿಷಿಗೆ ಹೊಂದಿಸಿದ ಟಿವಿಯ ಕಿವಿ ಹೇಗೆ ಬೇಕಾದರೂ ಕೇಳಿಸಿಕೊಳ್ಳಬಹುದು. ಮಾತು ಮುಗಿದೊಡನೆ ಪರದೆಯ ಮೇಲೆ ಮೂಡುವ ಸಾಲನ್ನು ಓದಿಯೇ ಫಲಿತಾಂಶದ ಕಡೆ ಕಣ್ಣು ಹಾಯಿಸಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ. ಆ ಸಾಲಿನಲ್ಲೇ ತಪ್ಪಿದ್ದರೆ ದೋಷ ಉಚ್ಚಾರದ ಗ್ರಹಿಕೆಯದು, ಆ ಹೆಸರೊಂದನ್ನು ರಿಮೋಟಿನಲ್ಲಿ ಟೈಪ್ ಮಾಡಿದರೆ ಸಾಕು. ಸಾಲು ಸರಿಯಿದ್ದೂ ಫಲಿತಾಂಶ ಬೇರೆಯಾದರೆ ಮಾತ್ರ ವರ್ಣನೆಯನ್ನು ಬದಲಿಸಬೇಕು. ಅನೇಕರು ಇದನ್ನು ನೋಡದೆ ಅದೇ ವಾಕ್ಯವನ್ನು ಇನ್ನಷ್ಟು ಗಟ್ಟಿಯಾಗಿ ಹೇಳುತ್ತಾರೆ. ಸಾಲು ಅರ್ಧಕ್ಕೇ ನಿಂತಿದ್ದರೆ ಬಟನ್ನಿನಿಂದ ಬೆರಳನ್ನು ಬೇಗ ತೆಗೆದದ್ದು ಕಾರಣವಿರಬಹುದು; ಎಷ್ಟೋ ರಿಮೋಟುಗಳಲ್ಲಿ ಮಾತು ಮುಗಿಯುವವರೆಗೆ ಅದನ್ನು ಒತ್ತಿ ಹಿಡಿದಿರಬೇಕು.

ನಕಾರವನ್ನು ನಂಬಬೇಡಿ. ‘ಸಿದ್ಧಾರ್ಥ್ ಇಲ್ಲದ್ದು’ ಎಂದರೆ ಹಳೆಯ ಬಗೆಯ ಹುಡುಕಾಟಕ್ಕೆ ‘ಸಿದ್ಧಾರ್ಥ್’ ಎಂಬುದೇ ಮುಖ್ಯವಾಗಿ ಕೇಳಿಸುತ್ತದೆ. ವರ್ಷದ ವಿಷಯದಲ್ಲೂ ಎಚ್ಚರ ಬೇಕು: ಖಚಿತವಿಲ್ಲದೆ 2011 ಎಂದುಬಿಟ್ಟರೆ 2013ರ ಚಿತ್ರ ಸೋಸಿ ಹೋಗಬಹುದು, ಅದರ ಬದಲು ದಶಕವನ್ನು ಹೇಳುವುದು ಕ್ಷೇಮ.

ಹಾಡಿನ ಸಾಲು ಮಾತ್ರ ನೆನಪಿದ್ದರೆ ಟಿವಿಯ ಸಾಮಾನ್ಯ ಹುಡುಕಾಟಕ್ಕೆ ಹೋಗುವುದೇ ಬೇಡ, ನಾವು ಚಿತ್ರಕ್ಕೆ ಬರೆಯುವ ಪಟ್ಟಿಯಲ್ಲಿ ಹಾಡುಗಳ ಸಾಹಿತ್ಯ ಇರುವುದಿಲ್ಲ. ಮೊದಲು ಯೂಟ್ಯೂಬ್ ತೆರೆದು, ಅದರೊಳಗಿನ ಮೈಕ್ ಬಳಸಿ ಹಾಡಿನ ಸಾಲನ್ನು ಹೇಳಿ. ಆಡಿಯೊ ಸಂಸ್ಥೆಗಳು ವಿಡಿಯೊದ ತಲೆಬರಹದಲ್ಲೇ ಚಿತ್ರದ ಹೆಸರನ್ನೂ ಕೊಡುವುದು ವಾಡಿಕೆ.

ಈಗ ಕಥೆಯನ್ನು ವಾಕ್ಯದ ರೂಪದಲ್ಲೇ ಗ್ರಹಿಸುವ ಹುಡುಕಾಟವೂ ಬಂದಿದೆ. ಅಮೆಜಾನ್ 2024ರಲ್ಲಿ ಅಮೆರಿಕದ ಫೈರ್ ಟಿವಿಗಳಲ್ಲಿ ಕಥೆ, ದೃಶ್ಯ, ಸಂಭಾಷಣೆಯ ತುಣುಕುಗಳನ್ನು ಹೇಳಿ ಚಿತ್ರ ಹುಡುಕುವ ಸೌಲಭ್ಯವನ್ನು ತಂದಿತು. ಇಂತಹ ಟಿವಿಯಲ್ಲಿ ಪದಗಳನ್ನು ಪೋಣಿಸುವುದಕ್ಕಿಂತ ಪೂರ್ಣ ವಾಕ್ಯವೇ ಚೆನ್ನಾಗಿ ಕೆಲಸ ಮಾಡುತ್ತದೆ, ಕೊನೆಯ ದೃಶ್ಯವನ್ನು ಹೇಳಿದರೂ ಫಲ ಸಿಗಬಹುದು. ಆದರೂ ಅದರ ಅರಿವು ಆ ಚಿತ್ರದ ಬಗ್ಗೆ ಎಷ್ಟು ಬರಹ ಲಭ್ಯವಿದೆ ಎಂಬುದನ್ನು ಅವಲಂಬಿಸಿದೆ. ಹೆಚ್ಚು ಚರ್ಚೆಯಾದ ‘ಲೂಸಿಯಾ’ದಂತಹ ಚಿತ್ರ ಸುಲಭವಾಗಿ ಸಿಕ್ಕೀತು, ಎರಡು ವಾರ ಓಡಿ ಮರೆಯಾದ ಎಂಬತ್ತರ ದಶಕದ ಚಿತ್ರಕ್ಕೆ ಅಷ್ಟೇ ಭರವಸೆ ಇಟ್ಟುಕೊಳ್ಳಲಾಗದು. ಅಂತಹ ಚಿತ್ರಗಳ ಪಟ್ಟಿಯಲ್ಲಿ ‘ಒಂದು ಕೌಟುಂಬಿಕ ಕಥೆ’ ಎಂಬ ಒಂದೇ ಸಾಲು ಇರುವುದನ್ನು ನಾನೇ ಎಷ್ಟೋ ಸಲ ಕಂಡಿದ್ದೇನೆ.

ಹೆಸರು ಸಿಕ್ಕಿತೆಂದರೆ ಚಿತ್ರ ಸಿಕ್ಕಿತೆಂದಲ್ಲ. ಟಿವಿಯ ಮುಖ್ಯ ಪರದೆಯ ಹುಡುಕಾಟಕ್ಕೆ ಎಲ್ಲ ಆ್ಯಪ್‌ಗಳೂ ತಮ್ಮ ಪಟ್ಟಿಯನ್ನು ಪೂರ್ತಿ ಕೊಟ್ಟಿರುವುದಿಲ್ಲ; ಆ್ಯಪಿನೊಳಗಿನ ಹುಡುಕಾಟವಾದರೋ ಆ ಆ್ಯಪಿನ ಸಂಗ್ರಹವನ್ನು ಮಾತ್ರ ನೋಡುತ್ತದೆ. ಮುಖ್ಯ ಪರದೆಯಲ್ಲಿ ಚಿತ್ರದ ಪುಟ ತೆರೆದು, ‘ನೋಡಿ’ ಎಂಬ ಬಟನ್ ಮಾತ್ರ ಕಾಣದಿದ್ದರೆ, ನಿಮ್ಮಲ್ಲಿರುವ ಒಂದೊಂದು ಆ್ಯಪನ್ನೂ ತೆರೆದು ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ನೋಡಬೇಕು. ಕನ್ನಡದ ಹೆಸರುಗಳನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆಯುವುದರಿಂದ ಪೂರ್ತಿ ಹೆಸರಿಗಿಂತ ಮೊದಲ ನಾಲ್ಕೈದು ಅಕ್ಷರಗಳನ್ನು ಒತ್ತಿ, ಕೆಳಗೆ ಮೂಡುವ ಪೋಸ್ಟರ್‌ಗಳ ಸಾಲಿನಿಂದ ಆರಿಸಿಕೊಳ್ಳುವುದು ಸುಲಭ.