ರಿಮೈಂಡರ್ ಅಂತರ: ಮೂರು ದಿನ ಮೊದಲೋ, ಹಿಂದಿನ ದಿನವೋ, ಎರಡೂನಾ?

ಅಪಾಯಿಂಟ್‌ಮೆಂಟ್ ತೆಗೆದುಕೊಂಡ ರೋಗಿ ಮೊದಲೇ ತಿಳಿಸದೆ ಆ ಹೊತ್ತಿಗೆ ಬಾರದಿದ್ದರೆ ಆಸ್ಪತ್ರೆಯವರು ಅದನ್ನು ‘ನೋ-ಶೋ’ ಎನ್ನುತ್ತಾರೆ. ಇದು ಕಡಿಮೆಯಾಗಲಿ ಅಂತಲೇ ಫೋನಿಗೆ ರಿಮೈಂಡರ್ ಕಳಿಸುತ್ತಾರೆ. ಆ ರಿಮೈಂಡರ್ ಮತ್ತು ಭೇಟಿಯ ನಡುವೆ ಎಷ್ಟು ಸಮಯ ಬಿಡಬೇಕು, ಎರಡು ಕಳಿಸುವುದಾದರೆ ಯಾವ ಯಾವ ದಿನ ಕಳಿಸಬೇಕು ಎಂಬುದೇ ರಿಮೈಂಡರ್ ಅಂತರ.

ರಿಮೈಂಡರಿನಿಂದ ಪ್ರಯೋಜನ ಇದೆಯೇ ಎಂಬ ಬಗ್ಗೆ ಈಗ ಹೆಚ್ಚು ಅನುಮಾನ ಉಳಿದಿಲ್ಲ. ವೈದ್ಯಕೀಯ ಸಂಶೋಧನೆಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಎಂಬ ಸಂಸ್ಥೆಯ 2013ರ ವಿಮರ್ಶೆ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿತು. ಏನೂ ಕಳಿಸದಿದ್ದಾಗ ಶೇ. 67.8ರಷ್ಟು ಜನ ಬಂದಿದ್ದರು, ಎಸ್ಸೆಮ್ಮೆಸ್ ಕಳಿಸಿದಾಗ ಶೇ. 78.6ರಷ್ಟು ಜನ. ಈಗಿನ ಪ್ರಶ್ನೆ ಬೇರೆ. ಯಾವಾಗ ಕಳಿಸಬೇಕು, ಎಷ್ಟು ಸಲ ಕಳಿಸಬೇಕು?

ಇದಕ್ಕೆ ನೇರ ಉತ್ತರ ಹುಡುಕಿದ ಪ್ರಯೋಗ ನಡೆದದ್ದು ಅಮೆರಿಕದ ಕೊಲರಾಡೋದಲ್ಲಿ, ಕೈಸರ್ ಪರ್ಮನೆಂಟೆ ಎಂಬ ದೊಡ್ಡ ಆರೋಗ್ಯ ಸಂಸ್ಥೆಯ ಕ್ಲಿನಿಕ್‌ಗಳಲ್ಲಿ. ಫಲಿತಾಂಶ ಪ್ರಕಟವಾದದ್ದು 2018ರಲ್ಲಿ. ಸಾಮಾನ್ಯ ಚಿಕಿತ್ಸೆಗೆ ಬರುವ 50 ಸಾವಿರಕ್ಕೂ ಜಾಸ್ತಿ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಮೂರು ದಿನ ಮೊದಲು ಒಂದೇ ರಿಮೈಂಡರ್. ಇನ್ನೊಂದಕ್ಕೆ ಹಿಂದಿನ ದಿನ ಒಂದೇ ರಿಮೈಂಡರ್. ಮೂರನೆಯದಕ್ಕೆ ಎರಡೂ ದಿನ. ಬಾರದೆ ಹೋದವರು ಮೊದಲ ಗುಂಪಿನಲ್ಲಿ ಶೇ. 5.8, ಎರಡನೆಯದರಲ್ಲಿ ಶೇ. 5.3, ಎರಡೂ ರಿಮೈಂಡರ್ ಸಿಕ್ಕವರಲ್ಲಿ ಶೇ. 4.4.

ಶೇಕಡಾ ಲೆಕ್ಕದಲ್ಲಿ ನೋಡಿದರೆ ಇದರ ಗಾತ್ರ ಸರಿಯಾಗಿ ತಿಳಿಯುವುದಿಲ್ಲ. ಸಾವಿರ ಅಪಾಯಿಂಟ್‌ಮೆಂಟ್ ಇಟ್ಟುಕೊಂಡು ನೋಡೋಣ. ಹಿಂದಿನ ದಿನ ಮಾತ್ರ ನೆನಪಿಸಿದರೆ 53 ಜನ ತಪ್ಪಿಸುತ್ತಾರೆ, ಎರಡು ಸಲ ನೆನಪಿಸಿದರೆ 44. ಅಂದರೆ ಇನ್ನೂ ಸಾವಿರ ಮೆಸೇಜ್ ಕಳಿಸಿದ್ದಕ್ಕೆ ಒಂಬತ್ತು ನೋ-ಶೋ ತಪ್ಪಿತು. ನೂರಕ್ಕೂ ಜಾಸ್ತಿ ಮೆಸೇಜಿಗೆ ಒಂದು! ಎಸ್ಸೆಮ್ಮೆಸ್ಸಿಗೆ ತಗಲುವುದು ಪೈಸೆಗಳಾದ್ದರಿಂದ ಖರ್ಚಿನ ಮಟ್ಟಿಗೆ ಇದು ಲಾಭವೇ. ಆದರೆ ಉಳಿದ 44 ಜನರೂ ಎರಡೆರಡು ಸಲ ನೆನಪಿಸಿದ ಮೇಲೂ ಬಾರದವರು ಎಂಬುದನ್ನು ಗಮನಿಸಿ. ಇವರಲ್ಲಿ ಎಲ್ಲರೂ ಮರೆತವರಿರಲಾರರು. ರಜೆ ಸಿಗದವರು, ಬರಲು ಗಾಡಿ ಇಲ್ಲದವರು, ಅಷ್ಟರಲ್ಲಿ ಹುಷಾರಾದವರು, ಭಯಪಟ್ಟವರು ಇರುತ್ತಾರೆ. ಇವರಿಗೆ ಮೂರನೇ ಮೆಸೇಜ್ ಕಳಿಸಿ ಏನೂ ಆಗುವುದಿಲ್ಲ ಅಲ್ವಾ? ಯಾರಾದರೂ ಫೋನ್ ಮಾಡಿ ಮಾತಾಡಿದರೆ ಏನಾದರೂ ಆದೀತು.

ಎರಡು ರಿಮೈಂಡರ್ ಒಂದಕ್ಕಿಂತ ಮೇಲು ಎಂದು 2016ರಲ್ಲಿ ಬಿಎಂಜೆ ಓಪನ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವಿಮರ್ಶೆಯೂ ಹೇಳಿತು. ಹಾಗಿದ್ದರೆ ಅಂತರ? 2011ರ ಇನ್ನೊಂದು ವಿಮರ್ಶೆಯಲ್ಲಿ ಹಿಂದಿನ ದಿನ ಕಳಿಸಿದ್ದಕ್ಕೂ ಒಂದು ವಾರ ಮೊದಲು ಕಳಿಸಿದ್ದಕ್ಕೂ ಬಾರದವರ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಕೊಲರಾಡೋದಲ್ಲೂ 5.8 ಮತ್ತು 5.3ರ ನಡುವಿನ ಅಂತರ ಚಿಕ್ಕದೇ. ಹಾಗಾದರೆ ಯಾವ ದಿನ ಕಳಿಸಿದರೂ ನಡೆಯುತ್ತದೆ ಅಂತ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಈ ಎರಡು ರಿಮೈಂಡರ್‌ಗಳು ಮಾಡುವ ಕೆಲಸವೇ ಬೇರೆ ಬೇರೆ, ನೋ-ಶೋ ಲೆಕ್ಕ ಒಂದರಿಂದಲೇ ಅದು ಕಾಣುವುದಿಲ್ಲ.

ಹಿಂದಿನ ದಿನದ ಮೆಸೇಜ್ ಮರೆವಿಗೆ. ನಾಳೆಯ ಕೆಲಸ ನೆನಪಾಗುತ್ತದೆ, ಜನ ಬರುತ್ತಾರೆ. ಮೂರು ದಿನ ಮೊದಲಿನ ಮೆಸೇಜ್ ಬರಲು ಆಗದವರಿಗೆ. ಆಗಲ್ಲ ಅಂತ ಅವರು ಆಗಲೇ ಹೇಳಿದರೆ ಆ ಜಾಗ ಬೇರೆಯವರಿಗೆ ಸಿಗುತ್ತದೆ. ಅದೇ ಮಾತನ್ನು ಹಿಂದಿನ ಸಂಜೆ ಆರಕ್ಕೆ ಹೇಳಿದರೆ ನೋ-ಶೋ ಲೆಕ್ಕದಲ್ಲಿ ಒಂದು ಕಡಿಮೆಯಾಗುತ್ತದೆ, ಆದರೆ ಮರುದಿನ ಕುರ್ಚಿ ಖಾಲಿಯೇ. ಹಾಗಾಗಿ ಬಾರದವರ ಜೊತೆಗೆ, ರದ್ದಾದ ಜಾಗಗಳಲ್ಲಿ ಎಷ್ಟು ಮತ್ತೆ ತುಂಬಿದವು ಎಂದೂ ಎಣಿಸಬೇಕು. ಇದನ್ನು ಎಣಿಸದ ಕ್ಲಿನಿಕ್ಕಿಗೆ ತನ್ನ ರಿಮೈಂಡರ್ ಅಂತರ ಸರಿಯಿದೆಯೋ ಇಲ್ಲವೋ ಗೊತ್ತಾಗುವುದೇ ಇಲ್ಲ.

ಒಂದು ಹಲ್ಲಿನ ಕ್ಲಿನಿಕ್ ತೆಗೆದುಕೊಳ್ಳೋಣ. ಸೋಮವಾರ ಬೆಳಿಗ್ಗೆ 10:30ಕ್ಕೆ ರೂಟ್ ಕೆನಾಲ್, ಒಂದು ಗಂಟೆಯ ಕೆಲಸ. ಸಾಫ್ಟ್‌ವೇರಿನಲ್ಲಿ ‘3 ದಿನ’, ‘1 ದಿನ’ ಎಂದು ಸುಮ್ನೆ ಹಾಕಿಬಿಟ್ಟರೆ ಒಂದು ಮೆಸೇಜ್ ಶುಕ್ರವಾರ ಹೋಗುತ್ತದೆ, ಇನ್ನೊಂದು ಭಾನುವಾರ. ಭಾನುವಾರ ಕ್ಲಿನಿಕ್ ಬಾಗಿಲು ಹಾಕಿರುತ್ತದೆ. ‘ನಾಳೆ ಆಗಲ್ಲ’ ಅಂತ ರೋಗಿ ಫೋನ್ ಮಾಡಿದರೆ ಎತ್ತುವವರಿಲ್ಲ. ತಿಳಿಸಲು ನೋಡಿಯೂ ಅವರು ನೋ-ಶೋ ಆದರು. ಅದಕ್ಕೇ ಮೊದಲನೆಯದನ್ನು ಕೆಲಸದ ದಿನಗಳ ಲೆಕ್ಕದಲ್ಲಿ ಇಡಬೇಕು. ಗುರುವಾರ ಬೆಳಿಗ್ಗೆ ಹೋದರೆ, ಕಾಯುತ್ತಿರುವವರ ಪಟ್ಟಿ ಹಿಡಿದು ಇನ್ನೊಬ್ಬರನ್ನು ಕರೆಯಲು ರಿಸೆಪ್ಷನ್‌ನವರಿಗೆ ಗುರುವಾರ, ಶುಕ್ರವಾರ, ಶನಿವಾರ ಮೂರೂ ದಿನ ಸಿಗುತ್ತವೆ. ಎರಡನೆಯದು ಭಾನುವಾರ ಸಂಜೆ ಹೋದರೂ ಚಿಂತೆಯಿಲ್ಲ, ಅದರ ಕೆಲಸ ನೆನಪಿಸುವುದಷ್ಟೇ. ಆದರೆ ಉತ್ತರ ಕಳಿಸಲು ಅದರಲ್ಲೂ ದಾರಿ ಇರಬೇಕು.

ಗುರುವಾರದ ಮೆಸೇಜ್ ಹೀಗಿರಬಹುದು: ‘16ನೇ ತಾರೀಕು ಸೋಮವಾರ ಬೆಳಿಗ್ಗೆ 10:30ಕ್ಕೆ ನಿಮ್ಮ ಹಲ್ಲಿನ ಚಿಕಿತ್ಸೆ ಇದೆ. ಬರುವುದಾದರೆ 1, ಬರಲು ಆಗದಿದ್ದರೆ 2 ಎಂದು ಉತ್ತರಿಸಿ. ಬೇರೆ ದಿನ ಕೊಡುತ್ತೇವೆ.’ ಕೊನೆಯ ಮಾತು ಮುಖ್ಯ. ಬೈಯುತ್ತಾರೇನೋ ಎಂಬ ಸಂಕೋಚಕ್ಕೆ ಸುಮ್ಮನಿರುವವರು ಬೇಕಾದಷ್ಟು ಜನ. ಇನ್ನೊಂದು ವಿಷಯ, ಎರಡನೇ ಮೆಸೇಜಿನಲ್ಲೂ ಬರೀ ‘ನಾಳೆ’ ಎಂದು ಬರೆಯಬೇಡಿ, ತಾರೀಕು ಹಾಕಿ. ರಾತ್ರಿ ಬಂದ ಮೆಸೇಜನ್ನು ಬೆಳಿಗ್ಗೆ ಓದಿದವರಿಗೆ ‘ನಾಳೆ’ ಅಂದರೆ ಮಂಗಳವಾರ.

ಗುರುವಾರದ ಮೆಸೇಜಿಗೆ 1 ಎಂದು ಉತ್ತರಿಸಿದವರಿಗೂ ಎರಡನೆಯದು ಬೇಕೇ? ಕಳಿಸುವುದೇ ಒಳ್ಳೆಯದು, ಒಪ್ಪಿಕೊಂಡವರೂ ಮರೆಯುತ್ತಾರೆ. 2 ಎಂದವರಿಗೆ ಮಾತ್ರ ಖಂಡಿತ ಹೋಗಬಾರದು. ರದ್ದು ಮಾಡಿದ ಮೇಲೂ ‘ಬನ್ನಿ’ ಎಂದು ಮೆಸೇಜ್ ಬಂದರೆ ರೋಗಿಗೆ ಗೊಂದಲ.

ಮೆಸೇಜ್ ಜಾಸ್ತಿಯಾದರೆ ಜನ ಓದುವುದನ್ನೇ ಬಿಡುತ್ತಾರೆ ಎಂಬ ಆತಂಕ ಇದ್ದರೆ, ಎರಡನೆಯದನ್ನು ಎಲ್ಲರಿಗೂ ಕಳಿಸಬೇಕೆಂದಿಲ್ಲ. ವಾಷಿಂಗ್ಟನ್ ರಾಜ್ಯದ ಕೈಸರ್ ಕ್ಲಿನಿಕ್‌ಗಳಲ್ಲಿ ಬಾರದೆ ಹೋಗುವ ಸಾಧ್ಯತೆ ಹೆಚ್ಚಿರುವವರನ್ನು ಮೊದಲೇ ಗುರುತಿಸಿ, ಅವರಲ್ಲಿ ಒಂದು ಪಾಲಿಗೆ ಇನ್ನೊಂದು ಮೆಸೇಜ್ ಕಳಿಸಿ ನೋಡಿದರು. 2022ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ನೋ-ಶೋ ಸಾಮಾನ್ಯ ಚಿಕಿತ್ಸೆಯಲ್ಲಿ ಸುಮಾರು ಶೇ. 7ರಷ್ಟು, ಮಾನಸಿಕ ಆರೋಗ್ಯ ವಿಭಾಗದಲ್ಲಿ ಸುಮಾರು ಶೇ. 11ರಷ್ಟು ಇಳಿಯಿತು. ಮೊದಲು ನೂರು ಜನ ತಪ್ಪಿಸುತ್ತಿದ್ದ ಕಡೆ ಈಗ 93 ಅಥವಾ 89 ಜನ ಎಂದು ಅರ್ಥ.

ಈ ಅಂಕಿಗಳನ್ನು ಹಾಗೆಯೇ ನಮ್ಮೂರಿಗೆ ಹಚ್ಚಲು ಬರುವುದಿಲ್ಲ. ಅಲ್ಲಿನವರು ವಿಮೆ ಇರುವ ಸದಸ್ಯರು, ಅವರ ಫೋನ್ ನಂಬರ್ ದಾಖಲೆಯಲ್ಲಿರುತ್ತದೆ. ಇಲ್ಲಿ ಎಷ್ಟೋ ಸಲ ಚೀಟಿಯಲ್ಲಿರುವುದು ಮಗನ ನಂಬರ್, ಅಥವಾ ಪಕ್ಕದ ಮನೆಯವರದು. ಮೆಸೇಜ್ ಹೋಗಿದೆ ಎಂದು ಸಾಫ್ಟ್‌ವೇರ್ ತೋರಿಸುತ್ತದೆ, ಅಮ್ಮನಿಗೆ ತಿಳಿದೇ ಇರುವುದಿಲ್ಲ. ಅಪಾಯಿಂಟ್‌ಮೆಂಟ್ ಕೊಡುವಾಗಲೇ ‘ಈ ನಂಬರ್ ಯಾರದು? ಮೆಸೇಜ್ ಯಾರು ಓದುತ್ತಾರೆ?’ ಎಂದು ಕೇಳಿ ಬರೆದುಕೊಳ್ಳಬೇಕು. ಇನ್ನು ನಿನ್ನೆ ಬುಕ್ ಮಾಡಿ ನಾಳೆ ಬರುವವರಿಗೆ ಮೂರು ದಿನದ ರಿಮೈಂಡರ್ ಎಂಬುದೇ ಇಲ್ಲ, ಒಂದೇ ಸಾಕು.