ಒಂದು ಮೈಕ್ರೋಲೀಟರ್ ಮೂತ್ರ, ಒಂದು ಲಕ್ಷದ ಲೆಕ್ಕ

ಉರಿಮೂತ್ರವೆಂದು ವೈದ್ಯರ ಬಳಿ ಹೋದವರಿಗೆ ಎರಡು ದಿನ ಬಿಟ್ಟು ಕೈಗೆ ಬರುವ, ಮೂತ್ರದ ಬ್ಯಾಕ್ಟೀರಿಯಾ ಬೆಳೆಸಿ ಎಣಿಸಿದ ಕಲ್ಚರ್ ರಿಪೋರ್ಟಿನಲ್ಲಿ ಒಂದು ಸಂಖ್ಯೆ ಇರುತ್ತದೆ: ಪ್ರತಿ ಮಿಲಿಲೀಟರಿಗೆ 1 ಲಕ್ಷಕ್ಕಿಂತ ಹೆಚ್ಚು, ಅಥವಾ 40 ಸಾವಿರ, ಅಥವಾ ಬರೀ 3 ಸಾವಿರ. ಎಷ್ಟೋ ಜನ ಇದನ್ನು ಸಕ್ಕರೆ ಪ್ರಮಾಣದ ಹಾಗೆ ಓದಿಕೊಳ್ಳುತ್ತಾರೆ. ಸಂಖ್ಯೆ ದೊಡ್ಡದಿದ್ದರೆ ಕಾಯಿಲೆ ಜೋರು, ಚಿಕ್ಕದಿದ್ದರೆ ಕಡಿಮೆ ಎಂಬ ಎಣಿಕೆ. ಆದರೆ ಈ ಸಂಖ್ಯೆ ಹೇಳಲು ಹೊರಟಿರುವುದು ಬೇರೆಯದನ್ನೇ: ಲ್ಯಾಬಿನಲ್ಲಿ ಮೂತ್ರ ಹಚ್ಚಿದ ಪ್ಲೇಟಿನ ಮೇಲೆ ಬೆಳೆದ ಬ್ಯಾಕ್ಟೀರಿಯಾ ಮೂತ್ರಕೋಶದಲ್ಲಿ ಇದ್ದವೋ, ಮೂತ್ರ ಹೊರಬರುವಾಗ ಚರ್ಮದಿಂದ ಸೇರಿಕೊಂಡವೋ?

ಈ ಪ್ರಶ್ನೆ ಏಳುವುದಕ್ಕೆ ಕಾರಣವಿದೆ. ಮೂತ್ರ ಎಷ್ಟೇ ಶುದ್ಧವಾಗಿದ್ದರೂ ಮೂತ್ರನಾಳದ ಕೊನೆಯ ಭಾಗವನ್ನೂ ಸುತ್ತಲಿನ ಚರ್ಮವನ್ನೂ ಸವರಿಕೊಂಡೇ ಡಬ್ಬಿಗೆ ಬೀಳಬೇಕು. ಅಲ್ಲಿ ಬ್ಯಾಕ್ಟೀರಿಯಾ ಸದಾ ಇರುತ್ತವೆ. ಮೊದಲ ಧಾರೆಯನ್ನು ಬಿಟ್ಟು ನಡುವಿನದನ್ನು ಹಿಡಿಯಿರಿ ಎನ್ನುವುದು ಇದಕ್ಕೇ, ಮೊದಲ ಧಾರೆ ಆ ದಾರಿಯನ್ನು ತೊಳೆದುಕೊಂಡು ಹೋಗುತ್ತದೆ. ಹಾಗೆ ಹಿಡಿದರೂ ಕೆಲವು ನೂರು, ಕೆಲವು ಸಾವಿರ ಬ್ಯಾಕ್ಟೀರಿಯಾ ಜೊತೆಗೆ ಬಂದೇ ಬರುತ್ತವೆ. ನಿಜವಾದ ಸೋಂಕಿನಲ್ಲಿ ಲೆಕ್ಕ ಬೇರೆ. ಮೂತ್ರಕೋಶದಲ್ಲಿ ರಾತ್ರಿಯಿಡೀ ಬೆಚ್ಚಗೆ ನಿಂತ ಮೂತ್ರದಲ್ಲಿ ಬ್ಯಾಕ್ಟೀರಿಯಾ ದ್ವಿಗುಣಗೊಳ್ಳುತ್ತಲೇ ಇರುತ್ತವೆ, ಬೆಳಗಿನ ಹೊತ್ತಿಗೆ ಮಿಲಿಲೀಟರಿಗೆ ಲಕ್ಷ ದಾಟಿರುತ್ತವೆ. 1956ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಎಡ್ವರ್ಡ್ ಕಾಸ್ ಎಂಬ ವೈದ್ಯರು ತೋರಿಸಿದ್ದು ಈ ಎರಡು ಗುಂಪುಗಳ ನಡುವಿನ ಅಂತರವನ್ನು. 1 ಲಕ್ಷ ಎಂಬ ಗೆರೆ ಬಂದದ್ದು ಅಲ್ಲಿಂದ. ಅಂದರೆ ಅದು ಕಾಯಿಲೆಯ ತೀವ್ರತೆಯ ಅಳತೆಯಲ್ಲ, ಎರಡು ಗುಂಪುಗಳ ಮಧ್ಯೆ ಎಳೆದ ಗಡಿ.

ಗಡಿಗೆ ಅರ್ಥ ಬರಬೇಕಾದರೆ ಎಣಿಕೆ ನೆಟ್ಟಗಿರಬೇಕು. ಎಣಿಕೆ ನಿಂತಿರುವುದು ಒಂದು ತಂತಿಯ ಕುಣಿಕೆಯ ಮೇಲೆ. ಲ್ಯಾಬಿನಲ್ಲಿ ಅದನ್ನು ಕ್ಯಾಲಿಬ್ರೇಟೆಡ್ ಲೂಪ್ ಎನ್ನುತ್ತಾರೆ. ನೈಕ್ರೋಮ್ ಅಥವಾ ಪ್ಲಾಟಿನಂ ತಂತಿಯ ತುದಿಯಲ್ಲಿ ಸುಮಾರು ಒಂದೂವರೆ ಮಿಲಿಮೀಟರ್ ಅಗಲದ ಉಂಗುರ. ದ್ರವದಲ್ಲಿ ಅದ್ದಿ ತೆಗೆದರೆ ಅದರೊಳಗೆ ತೆಳ್ಳಗೆ ಪರದೆಯಂತೆ ನಿಲ್ಲುವ ಮೂತ್ರದ ಪ್ರಮಾಣ 1 ಮೈಕ್ರೋಲೀಟರ್, ಅಂದರೆ ಮಿಲಿಲೀಟರಿನ ಸಾವಿರದಲ್ಲಿ ಒಂದು ಪಾಲು. ಪ್ಲೇಟಿಗೆ ಬಿದ್ದ ಒಂದೊಂದು ಬ್ಯಾಕ್ಟೀರಿಯಾ ಬೆಳೆದು ಕಣ್ಣಿಗೆ ಕಾಣುವ ಒಂದು ಚುಕ್ಕೆಯಾಗುತ್ತದೆ, ಅದೇ ಕಾಲನಿ. ಹೀಗಾಗಿ ಪ್ಲೇಟಿನ ಮೇಲೆ ಮೂಡಿದ ಒಂದು ಕಾಲನಿಗೆ ಮಿಲಿಲೀಟರಿಗೆ 1,000 ಬ್ಯಾಕ್ಟೀರಿಯಾ ಎಂದು ಲೆಕ್ಕ. 100 ಕಾಲನಿ ಎಂದರೆ 1 ಲಕ್ಷ. ಈಗ ಬಳಸಿ ಬಿಸಾಡುವ ಪ್ಲಾಸ್ಟಿಕ್ ಲೂಪ್‌ಗಳೂ ಸಾಮಾನ್ಯ, ಲೆಕ್ಕ ಮಾತ್ರ ಅದೇ.

ಸಾವಿರದಿಂದ ಗುಣಿಸುವಾಗ ತಪ್ಪೂ ಸಾವಿರಪಟ್ಟಾಗುತ್ತದೆ. ಆದ್ದರಿಂದ ಅದ್ದುವ ಆ ಎರಡು ಸೆಕೆಂಡಿನ ಕೆಲಸದಲ್ಲಿ ಕೈ ಕಟ್ಟುನಿಟ್ಟಾಗಿರಬೇಕು. ಬ್ಯಾಕ್ಟೀರಿಯಾ ಡಬ್ಬಿಯ ತಳದಲ್ಲಿ ಕೂತಿರಬಹುದಾದ್ದರಿಂದ ಮುಚ್ಚಳ ಬಿಗಿಯಿರುವಾಗಲೇ ಮೂತ್ರವನ್ನು ಮೆಲ್ಲಗೆ ತಿರುಗಿಸಿ ಬೆರೆಸಬೇಕು. ಕುಲುಕಿದರೆ ನೊರೆ ಏಳುತ್ತದೆ. ಉಂಗುರದಲ್ಲಿ ಗುಳ್ಳೆ ಸಿಕ್ಕಿಕೊಂಡರೆ ಮೂತ್ರ ಕಡಿಮೆ ಬರುತ್ತದೆ. ಲೋಹದ ಲೂಪನ್ನು ಬರ್ನರ್ ಉರಿಯಲ್ಲಿ ಕೆಂಪಗೆ ಕಾಯಿಸಿದ ಮೇಲೆ ಪೂರ್ತಿ ಆರಲು ಬಿಡಬೇಕು. ಬಿಸಿ ಇರುವಾಗಲೇ ಅದ್ದಿದರೆ ಚುರ್ ಎಂದು ಸಿಡಿದು ಹನಿಗಳು ಗಾಳಿಗೆ ಹಾರುತ್ತವೆ, ಉಂಗುರದಲ್ಲಿದ್ದ ಬ್ಯಾಕ್ಟೀರಿಯಾ ಸಾಯುತ್ತವೆ, ಸೋಂಕಿದ್ದವರಿಗೂ ಬೆಳವಣಿಗೆ ಇಲ್ಲ ಎಂಬ ರಿಪೋರ್ಟ್ ಹೋಗುತ್ತದೆ. ಆರಿದ ಲೂಪನ್ನು ನೆಟ್ಟಗೆ ಹಿಡಿದು, ಉಂಗುರ ಮಾತ್ರ ಮುಳುಗುವಷ್ಟು ಇಳಿಸಿ, ನೆಟ್ಟಗೆ ಮೇಲೆತ್ತಬೇಕು. ಓರೆಯಾಗಿ ಹಿಡಿದರೆ ಉಂಗುರ ತನ್ನ ಅಳತೆಗಿಂತ ಹೆಚ್ಚು ಎತ್ತಿಕೊಳ್ಳುತ್ತದೆ. ಆಳಕ್ಕೆ ಇಳಿಸಿದರೆ ತಂತಿಯ ಮೇಲೆ ಅಂಟಿದ ಮೂತ್ರವೂ ಜಾರಿ ಬಂದು ಪ್ಲೇಟಿಗೆ ಸೇರುತ್ತದೆ. ಈ ಎರಡು ತಪ್ಪು ಸೇರಿದರೆ 60 ಸಾವಿರ ಇರಬೇಕಾದ್ದು ಲಕ್ಷವನ್ನು ದಾಟಿಬಿಡಬಹುದು.

ಲೂಪು ಕೂಡ ಸವೆಯುತ್ತದೆ. ಪದೇ ಪದೇ ಕಾಯಿಸಿದ ತಂತಿ ಸೊಟ್ಟಗಾಗುತ್ತದೆ, ಉಂಗುರ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಮೇಲೆ ಕರಿ ಕಟ್ಟುತ್ತದೆ. ಅದು ಈಗಲೂ ಒಂದೇ ಮೈಕ್ರೋಲೀಟರ್ ಎತ್ತುತ್ತಿದೆಯೇ ಎಂದು ಆಗಾಗ ಬಣ್ಣದ ದ್ರಾವಣದಿಂದ ಪರೀಕ್ಷಿಸಬೇಕು. ಬಣ್ಣವನ್ನು ಲೂಪಿನಿಂದ ಎತ್ತಿ ಗೊತ್ತಾದ ಪ್ರಮಾಣದ ನೀರಿಗೆ ಬೆರೆಸಿ, ಆ ನೀರಿನ ಬಣ್ಣದ ಗಾಢತೆಯನ್ನು ನಿಖರವಾಗಿ ತಯಾರಿಸಿದ ದ್ರಾವಣದೊಂದಿಗೆ ಉಪಕರಣದಲ್ಲಿ ಹೋಲಿಸಿದರೆ ಲೂಪ್ ಎಷ್ಟು ಎತ್ತಿತು ಎಂಬುದು ಸಿಗುತ್ತದೆ. ಪರೀಕ್ಷೆಯಲ್ಲಿ ಸೋತ ಲೂಪನ್ನು ತಿದ್ದಿ ಬಳಸುವುದಲ್ಲ, ತೆಗೆದಿಡುವುದೇ ಸರಿ.

ಪ್ಲೇಟಿನ ಮೇಲೆ ಎಳೆಯುವ ಕ್ರಮವೂ ಎಣಿಕೆಗೆಂದೇ ಇದೆ. ಮಧ್ಯದಲ್ಲಿ ಮೇಲಿನಿಂದ ಕೆಳಗೆ ಒಂದು ಗೆರೆ. ಲೂಪನ್ನು ಮತ್ತೆ ಕಾಯಿಸದೆ, ಮತ್ತೆ ಅದ್ದದೆ, ಆ ಗೆರೆಗೆ ಅಡ್ಡಲಾಗಿ ಇಡೀ ಪ್ಲೇಟಿನ ತುಂಬ ಹತ್ತಿರ ಹತ್ತಿರ ಹಿಂದೆಮುಂದೆ ಎಳೆಯುತ್ತಾ ಬರಬೇಕು. ನಮ್ಮಲ್ಲಿ ಹೆಚ್ಚಾಗಿ ಬಳಸುವುದು ಸಿ.ಎಲ್.ಇ.ಡಿ. ಎಂಬ ಹಸಿರು-ನೀಲಿ ಛಾಯೆಯ, ಬ್ಯಾಕ್ಟೀರಿಯಾ ಬೆಳೆಸುವ ಮಾಧ್ಯಮ. ಮೂತ್ರದ ಸೋಂಕಿಗೆ ಅತಿ ಸಾಮಾನ್ಯ ಕಾರಣವಾದ ಇ. ಕೋಲಿ ಅದರಲ್ಲಿರುವ ಲ್ಯಾಕ್ಟೋಸ್ ಸಕ್ಕರೆಯನ್ನು ಹುಳಿಯಾಗಿಸಿ ಹಳದಿ ಕಾಲನಿ ಕಟ್ಟುತ್ತದೆ. ಮಾಧ್ಯಮದಲ್ಲಿ ಲವಣ ಕಡಿಮೆ ಇರುವುದರಿಂದ ಪ್ರೋಟಿಯಸ್ ಎಂಬ ಬ್ಯಾಕ್ಟೀರಿಯಾ ಪ್ಲೇಟಿನ ತುಂಬ ಹರಡಿಕೊಂಡು ಬೇರೆಯವನ್ನು ಮುಚ್ಚಿಹಾಕುವುದಿಲ್ಲ. 35ರಿಂದ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ 18ರಿಂದ 24 ಗಂಟೆ ಇಟ್ಟ ಮೇಲೆ ಎಣಿಸುತ್ತಾರೆ.

ಇಷ್ಟೆಲ್ಲ ಸರಿಯಿದ್ದೂ ಸಂಖ್ಯೆ ದಾರಿ ತಪ್ಪಿಸಬಹುದು. ಅದಕ್ಕೆ ಲೂಪು ಕಾರಣವಲ್ಲ, ಹೊತ್ತು ಕಾರಣ. ಒಂದು ಉದಾಹರಣೆಯನ್ನು ಲೆಕ್ಕ ಹಾಕಿ ನೋಡೋಣ. ಜಗಳೂರು ತಾಲ್ಲೂಕಿನ ಒಬ್ಬ ಗರ್ಭಿಣಿ, ಯಾವ ತೊಂದರೆಯೂ ಇಲ್ಲ. ಗರ್ಭಿಣಿಯರಲ್ಲಿ ಲಕ್ಷಣವಿಲ್ಲದ ಸೋಂಕು ಮೂತ್ರಪಿಂಡಕ್ಕೆ ಏರಬಹುದಾದ್ದರಿಂದ ಕಲ್ಚರ್ ಬರೆದುಕೊಟ್ಟಿದ್ದಾರೆ. ಏಪ್ರಿಲ್ ತಿಂಗಳು, ಬೆಳಿಗ್ಗೆ 8ಕ್ಕೆ ಸ್ಯಾಂಪಲ್ ಹಿಡಿದಿದ್ದಾರೆ. ಐಸ್ ಇಲ್ಲದ ಡಬ್ಬದಲ್ಲಿ ಅದು ದಾವಣಗೆರೆಯ ಲ್ಯಾಬ್ ಮುಟ್ಟಿ ಪ್ಲೇಟಿಗೆ ಬಿದ್ದದ್ದು 12.30ಕ್ಕೆ. ಚರ್ಮದಿಂದ ಸೇರಿದ ಬ್ಯಾಕ್ಟೀರಿಯಾ ಮೊದಲಿಗೆ ಮಿಲಿಲೀಟರಿಗೆ 1,000 ಇದ್ದವು ಎಂದುಕೊಳ್ಳಿ. ಹೊಸ ಜಾಗಕ್ಕೆ ಹೊಂದಿಕೊಳ್ಳಲು ಒಂದು ಗಂಟೆ ಹೋಯಿತು. ಉಳಿದ ಮೂರೂವರೆ ಗಂಟೆಯಲ್ಲಿ ಅರ್ಧ ಗಂಟೆಗೊಮ್ಮೆ ಇಮ್ಮಡಿಯಾದರೆ ಏಳು ಸಲ ಇಮ್ಮಡಿ: 2,000, 4,000, 8,000, 16,000, 32,000, 64,000, 1,28,000. ಬೇಸಿಗೆಯಲ್ಲಿ ಹೆಪ್ಪು ಹಾಕಿದ ಹಾಲು ಎಷ್ಟು ಬೇಗ ಮೊಸರಾಗುತ್ತದೆಂದು ಬಲ್ಲವರಿಗೆ ಇದು ಅಚ್ಚರಿಯಲ್ಲ. ಸೋಂಕೇ ಇಲ್ಲದ ಹೆಣ್ಣುಮಗಳ ಹೆಸರಿನಲ್ಲಿ ಲಕ್ಷ ದಾಟಿದ ರಿಪೋರ್ಟ್ ತಯಾರಾಯಿತು.

ಪ್ಲೇಟ್ ನೋಡಿದರೆ ಹೆಚ್ಚಿನ ಸಲ ಸುಳಿವು ಸಿಗುತ್ತದೆ. ಒಂದೆಡೆ ಹಳದಿ ದೊಡ್ಡ ಕಾಲನಿಗಳು, ಮಧ್ಯೆ ಬಿಳಿಯ ಸಣ್ಣವು, ಇನ್ನೊಂದೆಡೆ ಸೂಜಿಮೊನೆಯಷ್ಟಿರುವವು. ಮೂರು ಅಥವಾ ಹೆಚ್ಚು ಬಗೆ ಒಟ್ಟಿಗೆ ಕಂಡರೆ, ಎಣಿಕೆ ಎಷ್ಟೇ ಇರಲಿ, ಅದು ಬಹುಮಟ್ಟಿಗೆ ಹೊರಗಿನಿಂದ ಬೆರೆತದ್ದು, ಹೊಸ ಸ್ಯಾಂಪಲ್ ಕೇಳಬೇಕು. ಮೂತ್ರಕೋಶದ ಸೋಂಕಿನಲ್ಲಿ ಸಾಮಾನ್ಯವಾಗಿ ಒಂದೇ ಬಗೆ ಇಡೀ ಪ್ಲೇಟನ್ನು ಆಳುತ್ತದೆ. (ದೀರ್ಘಕಾಲ ಕ್ಯಾಥೆಟರ್ ಹಾಕಿಕೊಂಡವರ ಮಾತು ಬೇರೆ, ಅವರಲ್ಲಿ ಹಲವು ಬಗೆ ಒಟ್ಟಿಗೆ ನೆಲೆಸಿರುವುದುಂಟು.) ಕಷ್ಟವಾಗುವುದು ಚರ್ಮದಿಂದ ಬಂದವುಗಳಲ್ಲಿ ಇ. ಕೋಲಿಯೊಂದೇ ವೇಗವಾಗಿ ಬೆಳೆದು ಉಳಿದವನ್ನು ಹಿಂದೆ ಹಾಕಿದಾಗ. ಆಗ ಪ್ಲೇಟ್ ಥೇಟ್ ಸೋಂಕಿನಂತೆಯೇ ಕಾಣುತ್ತದೆ. ಬೇರ್ಪಡಿಸಲು ಉಳಿಯುವುದು ಸೂಕ್ಷ್ಮದರ್ಶಕ ಮತ್ತು ಡಬ್ಬಿಯ ಮೇಲೆ ಬರೆದ ಸಮಯ. ಕೀವಿನ ಕಣಗಳು ಕಡಿಮೆಯಿದ್ದು, ಚರ್ಮದ ಅಗಲ ಚಪ್ಪಟೆ ಕೋಶಗಳು ತುಂಬಿದ್ದರೆ ಅನುಮಾನ ಪಡಬೇಕು. ಆದರೆ ಹಳಸಿದ ಮೂತ್ರದಲ್ಲಿ ಕೀವಿನ ಕಣಗಳು ಒಡೆದು ಹೋಗಿರುತ್ತವೆ, ಅಲ್ಲದೆ ಲಕ್ಷಣವಿಲ್ಲದ ಗರ್ಭಿಣಿಯಲ್ಲಿ ಕೀವು ಕಾಣದೆಯೂ ನಿಜವಾದ ಬ್ಯಾಕ್ಟೀರಿಯಾ ಇರಬಹುದು. ಹಾಗಾಗಿ ತಡವಾಗಿ ಬಂದ ಸ್ಯಾಂಪಲ್ಲಿನಿಂದ ತೀರ್ಮಾನ ಹಿಂಡಲು ಹೋಗದೆ ಮತ್ತೊಂದು ಕೇಳುವುದೇ ನೇರ ದಾರಿ. ಅದೇ ಗರ್ಭಿಣಿ ಲ್ಯಾಬಿಗೇ ಬಂದು ಕೊಟ್ಟ ಸ್ಯಾಂಪಲ್ ಅರ್ಧ ಗಂಟೆಯೊಳಗೆ ಪ್ಲೇಟಿಗೆ ಬಿದ್ದರೆ ಮೂಡುವುದು ಬಗೆಬಗೆಯ ಎರಡು ಮೂರು ಕಾಲನಿ, ಅಷ್ಟೇ.

ಕೊಟ್ಟ 2 ಗಂಟೆಯೊಳಗೆ ಪ್ಲೇಟಿಗೆ ಹಾಕಬೇಕು ಎಂಬ ನಿಯಮ ಈ ಲೆಕ್ಕದಿಂದಲೇ ಹುಟ್ಟಿದ್ದು. ಆಗದಿದ್ದರೆ 4 ಡಿಗ್ರಿಯ ಫ್ರಿಜ್ಜಿನಲ್ಲಿ 24 ಗಂಟೆಯವರೆಗೆ ಇಡಬಹುದು, ತಣ್ಣಗಿರುವಾಗ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಬೆಳೆಯುವುದೂ ಇಲ್ಲ. ಹೊನ್ನಾಳಿ, ಚನ್ನಗಿರಿ, ಮೊಳಕಾಲ್ಮೂರಿನಂಥ ಊರುಗಳಿಂದ ಬರುವ ಸ್ಯಾಂಪಲ್ಲಿಗೆ ಬೋರಿಕ್ ಆಮ್ಲ ಹಾಕಿದ ಡಬ್ಬಿ ಇನ್ನೊಂದು ಉಪಾಯ. ಆದರೆ ಅದನ್ನು ಗುರುತಿನ ಗೆರೆಯವರೆಗೆ ತುಂಬಲೇಬೇಕು. ಅರ್ಧ ತುಂಬಿದರೆ ಆಮ್ಲದ ಪ್ರಮಾಣ ಹೆಚ್ಚಾಗಿ ಬ್ಯಾಕ್ಟೀರಿಯಾವನ್ನೇ ಕೊಲ್ಲಬಹುದು, ಆಗ ತಪ್ಪು ಎದುರು ದಿಕ್ಕಿಗೆ ತಿರುಗುತ್ತದೆ.

ಎದುರು ದಿಕ್ಕಿನ ತಪ್ಪೂ ಅಷ್ಟೇ ಮುಖ್ಯ. ಉರಿಯೆಂದು ಬಂದ ಯುವತಿ ಮನೆಯವರ ಮಾತು ಕೇಳಿ ಬಾರ್ಲಿ ನೀರು, ಎಳನೀರು ಕುಡಿಯುತ್ತಾ ಅರ್ಧ ಗಂಟೆಗೊಮ್ಮೆ ಮೂತ್ರಕ್ಕೆ ಹೋಗಿರುತ್ತಾಳೆ. ಬ್ಯಾಕ್ಟೀರಿಯಾಕ್ಕೆ ಮೂತ್ರಕೋಶದಲ್ಲಿ ಕೂತು ಲಕ್ಷಕ್ಕೇರಲು ಹೊತ್ತೇ ಸಿಕ್ಕಿರುವುದಿಲ್ಲ, ಇದ್ದವೂ ನೀರಿನಲ್ಲಿ ತೆಳುವಾಗಿರುತ್ತವೆ. ಪ್ಲೇಟಿನಲ್ಲಿ 42 ಕಾಲನಿ, ಎಲ್ಲವೂ ಒಂದೇ ಹಳದಿ, ಸೂಕ್ಷ್ಮದರ್ಶಕದಲ್ಲಿ ಕೀವಿನ ಕಣಗಳು ತುಂಬಿವೆ. 42 ಸಾವಿರ ಎಂದು ಬದಿಗೆ ತಳ್ಳಿದರೆ ಸೋಂಕನ್ನೇ ತಪ್ಪಿಸಿಕೊಂಡಂತೆ. ಲಕ್ಷಣವಿರುವ ಹೆಂಗಸರಲ್ಲಿ ಮಿಲಿಲೀಟರಿಗೆ ಬರೀ 100 ಇ. ಕೋಲಿ ಕಂಡರೂ ಅದು ಸೋಂಕಿರಬಹುದು ಎಂದು 1982ರಲ್ಲಿ ಅಮೆರಿಕದ ವಾಲ್ಟರ್ ಸ್ಟ್ಯಾಮ್ ಮತ್ತು ಸಂಗಡಿಗರು ತೋರಿಸಿದರು. 1 ಮೈಕ್ರೋಲೀಟರ್ ಲೂಪಿಗೆ ಇದು ಕಾಣುವುದೇ ಇಲ್ಲ. ಅದರ ಕಣ್ಣಿಗೆ ಬೀಳುವ ಅತಿ ಚಿಕ್ಕ ಲೆಕ್ಕ 1,000, ಅದೂ ಒಂದೇ ಕಾಲನಿಯ ಭರವಸೆಯ ಮೇಲೆ. ಇಂಥವರಿಗೆ ಸುಮಾರು 4 ಮಿಲಿಮೀಟರ್ ಅಗಲದ 10 ಮೈಕ್ರೋಲೀಟರ್ ಲೂಪ್ ಬಳಸಿದರೆ ಒಂದು ಕಾಲನಿ 100ಕ್ಕೆ ಸಮ. ಆದರೆ ಯಾರಿಗೆ ಯಾವ ಲೂಪ್ ಎಂದು ಲ್ಯಾಬಿಗೆ ತಿಳಿಯಬೇಕಾದರೆ ಚೀಟಿಯಲ್ಲಿ ಉರಿ ಇದೆ, ಜ್ವರ ಇದೆ, ಗರ್ಭಿಣಿ, ಕ್ಯಾಥೆಟರ್ ಇದೆ, ಆ್ಯಂಟಿಬಯೋಟಿಕ್ ಶುರುವಾಗಿದೆ ಎಂಬ ನಾಲ್ಕು ಮಾತು ಇರಬೇಕು. ಎಷ್ಟೋ ಚೀಟಿಗಳಲ್ಲಿ ಇರುವುದು ಹೆಸರು, ವಯಸ್ಸು ಮಾತ್ರ. ಇದು ನಿಜಕ್ಕೂ ಬೇಸರದ ಸಂಗತಿ.

ಎಣಿಕೆಯ ಬಳಿಕ ಯಾವ ಪ್ಲೇಟನ್ನು ಮುಂದಿನ ಪರೀಕ್ಷೆಗೆ ಒಯ್ಯಬೇಕು ಎಂಬ ತೀರ್ಮಾನ ಬರುತ್ತದೆ. ಯಾವ ಆ್ಯಂಟಿಬಯೋಟಿಕ್ ಕೆಲಸ ಮಾಡುತ್ತದೆ ಎಂದು ನೋಡುವ ಸೆನ್ಸಿಟಿವಿಟಿ ಪರೀಕ್ಷೆಯನ್ನು ಬೆರಕೆ ಪ್ಲೇಟಿನ ಮೇಲೆ ಮಾಡಬಾರದು. ಔಷಧಗಳ ಪಟ್ಟಿಯಿರುವ ರಿಪೋರ್ಟ್ ಕೈಗೆ ಸಿಕ್ಕರೆ ಅದರಲ್ಲೊಂದನ್ನು ಬರೆದುಕೊಡುವುದು ಬಹಳ ಸುಲಭ, ಚರ್ಮದ ಮೇಲಿನ ಬ್ಯಾಕ್ಟೀರಿಯಾಕ್ಕಾಗಿ ರೋಗಿ ಐದು ದಿನ ಮಾತ್ರೆ ನುಂಗುತ್ತಾರೆ. ಅಲ್ಲಿ ಬರೆಯಬೇಕಾದ ಸಾಲು ಇಷ್ಟೇ: ಹಲವು ಬಗೆಯ ಬೆಳವಣಿಗೆ ಕಂಡಿದೆ, ಹೊರಗಿನಿಂದ ಬೆರೆತಿರುವ ಸಾಧ್ಯತೆ, ನಡುವಿನ ಧಾರೆಯ ಹೊಸ ಸ್ಯಾಂಪಲ್ ಕಳಿಸಿ, ಹಿಡಿದ ಸಮಯ ಬರೆದಿರಲಿ.