ಪ್ಲಗ್ ಸುಟ್ಟರೂ ಎಂಸಿಬಿ ಯಾಕೆ ಬೀಳಲಿಲ್ಲ? ಆರು ಪಿಎಸ್5 ಇರುವ ಅಂಗಡಿಯ ಲೋಡ್ ಲೆಕ್ಕ

ಪ್ರಶ್ನೆ: ದಾವಣಗೆರೆಯಲ್ಲಿ ಕಾಲೇಜಿನ ಹತ್ತಿರ ಚಿಕ್ಕ ಮಳಿಗೆ ಹಿಡಿದು ಗೇಮಿಂಗ್ ಪಾರ್ಲರ್ ಶುರು ಮಾಡಿದ್ದೇನೆ. ಆರು ಪಿಎಸ್5, ಆರು 43 ಇಂಚಿನ ಟಿವಿ, ಒಂದು ಒಂದೂವರೆ ಟನ್ ಎಸಿ ಇವೆ. ಗೋಡೆಯ 16 ಆಂಪ್ ಸಾಕೆಟ್‌ಗೆ ಸ್ಪೈಕ್ ಗಾರ್ಡ್ ಹಾಕಿ, ಅದರಿಂದ ಇನ್ನೊಂದಕ್ಕೆ ಎಳೆದು ಕನ್ಸೋಲ್, ಟಿವಿ ಎಲ್ಲ ನಡೆಸುತ್ತಿದ್ದೆ. ಮೊನ್ನೆ ಪ್ಲಗ್ ಕಪ್ಪಾಗಿ ವಾಸನೆ ಬಂತು, ಆದರೆ ಎಂಸಿಬಿ ಮಾತ್ರ ಬೀಳಲೇ ಇಲ್ಲ. ಎಂಸಿಬಿ ಕೆಟ್ಟಿದೆಯಾ? ಜೊತೆಗೆ, ಒಂದು ಕನ್ಸೋಲ್ ಅಪ್‌ಡೇಟ್ ಆಗುವಾಗ ಉಳಿದವರಿಗೆಲ್ಲ ಲ್ಯಾಗ್ ಬರುತ್ತೆ.

ಉತ್ತರ: ಎಂಸಿಬಿ ಕೆಟ್ಟಿರಲಿಕ್ಕಿಲ್ಲ. ಅದು ಕಾಯುವುದು ಗೋಡೆಯೊಳಗಿನ ವೈರನ್ನು. ನಿಮ್ಮ ಸ್ಪೈಕ್ ಗಾರ್ಡ್ ಅದರ ಜವಾಬ್ದಾರಿಯಲ್ಲ.

ಲೆಕ್ಕ ಹಾಕಿ ನೋಡೋಣ. ಮೊದಲು ಬಂದ ಪಿಎಸ್5 ಮಾದರಿಗಳ ಗರಿಷ್ಠ ರೇಟಿಂಗ್ ಸುಮಾರು 350 ವ್ಯಾಟ್. ಆಟ ಆಡುವಾಗ ನಿಜವಾಗಿ ಎಳೆಯುವುದು 200ರ ಆಸುಪಾಸು. ಟಿವಿಗೆ 100 ಸೇರಿಸಿ. ಹಾಗಾದರೆ ಆರು ಸ್ಟೇಷನ್ ಸೇರಿ ಸುಮಾರು 1,800 ವ್ಯಾಟ್, ಅಂದರೆ 230 ವೋಲ್ಟ್‌ಗೆ 8 ಆಂಪ್. 16 ಆಂಪ್ ಎಂಸಿಬಿಗೆ ಇದು ಅರ್ಧ ಹೊರೆ. ಅದು ಯಾಕೆ ಬೀಳಬೇಕು? ಅಷ್ಟೇ ಅಲ್ಲ, ಎಂಸಿಬಿಯ ಮಾನದಂಡದ ಪ್ರಕಾರ ರೇಟಿಂಗ್‌ನ 1.13 ಪಟ್ಟು, ಅಂದರೆ 18 ಆಂಪ್ ಒಂದು ಗಂಟೆ ಹರಿದರೂ ಅದು ಬೀಳಬಾರದು. 1.45 ಪಟ್ಟು, ಅಂದರೆ 23 ಆಂಪ್ ಮುಟ್ಟಿದರೆ ಒಂದು ಗಂಟೆಯೊಳಗೆ ಬೀಳಲೇಬೇಕು.

ನಿಮ್ಮ ಸ್ಪೈಕ್ ಗಾರ್ಡ್‌ನ ಹಿಂಬದಿ ಓದಿ ನೋಡಿ, ಹೆಚ್ಚಿನವುಗಳ ಮೇಲೆ 6 ಆಂಪ್ ಅಂತಲೇ ಬರೆದಿರುತ್ತದೆ. ಅದರ ಸಣ್ಣ ಪಿನ್ 16 ಆಂಪ್ ಸಾಕೆಟ್‌ನ ಒಳಗಿನ ತೂತುಗಳಿಗೂ ಹೋಗುತ್ತದಲ್ಲ, ಅಪಾಯ ಶುರುವಾಗುವುದೇ ಅಲ್ಲಿ. 6 ಆಂಪ್ ಪ್ಲಗ್‌ನಲ್ಲಿ 8 ಆಂಪ್ ಇಡೀ ಸಂಜೆ ಹರಿಯುತ್ತದೆ. ಶಾಖ ಕರೆಂಟ್‌ನ ವರ್ಗಕ್ಕೆ ತಕ್ಕಂತೆ ಏರುವುದರಿಂದ 6ರಿಂದ 8ಕ್ಕೆ ಹೋದರೆ ಅದು ಹತ್ತಿರ ಹತ್ತಿರ 1.8 ಪಟ್ಟಾಗುತ್ತದೆ. ಪಿನ್ ಸಡಿಲವಿದ್ದರೆ ಇನ್ನೂ ಜಾಸ್ತಿ. ಬಿಸಿಯಾದ ಪಿನ್ ಸಾಕೆಟ್‌ನ ಸ್ಪ್ರಿಂಗನ್ನು ಮತ್ತಷ್ಟು ಸಡಿಲಿಸುತ್ತದೆ. ಮೊದಲು ಪ್ಲಗ್ ಹಳದಿಯಾಗುತ್ತದೆ, ಆಮೇಲೆ ಕಂದು, ಕೊನೆಗೆ ಮೀನು ಸುಟ್ಟಂಥ ವಾಸನೆ. ಕಪ್ಪಾದ ಪ್ಲಗ್ಗನ್ನು ಉಜ್ಜಿ ಮತ್ತೆ ಹಾಕಬೇಡಿ. ಪ್ಲಗ್ ಜೊತೆಗೆ ಸಾಕೆಟ್ಟನ್ನೂ ಬದಲಾಯಿಸಿ.

ಪರಿಹಾರವೆಂದರೆ ಲೋಡನ್ನು ಹಂಚುವುದು. ವೈರಿಂಗ್‌ಗೆ ನಿಜವಾಗಿ ಎಳೆಯುವ ಲೆಕ್ಕ ಬೇಡ, ಲೇಬಲ್ ಲೆಕ್ಕವನ್ನೇ ಹಿಡಿಯಿರಿ. ಒಂದು ಸ್ಟೇಷನ್‌ಗೆ 350 ಮತ್ತು 100 ಸೇರಿ 450 ವ್ಯಾಟ್, ಸುಮಾರು 2 ಆಂಪ್. ಮೂರು ಸ್ಟೇಷನ್‌ಗೆ ಒಂದು ಸರ್ಕ್ಯೂಟ್ ಎಂದರೆ 6 ಆಂಪ್. ಎಂಸಿಬಿಗಳು ಕೂರುವ ಪೆಟ್ಟಿಗೆಯಾದ ಡಿಬಿಯಿಂದ 2.5 ಸ್ಕ್ವೇರ್ ಎಂಎಂ ತಾಮ್ರದ ವೈರಿನಲ್ಲಿ ಇಂಥ ಎರಡು ಸರ್ಕ್ಯೂಟ್ ಎಳೆಸಿ, ಒಂದೊಂದಕ್ಕೂ 10 ಆಂಪ್ ಎಂಸಿಬಿ ಹಾಕಿಸಿ. ಎಂಸಿಬಿ ‘ಸಿ’ ಕರ್ವ್ ಇರಲಿ. ಕನ್ಸೋಲ್, ಟಿವಿಗಳ ಪವರ್ ಸಪ್ಲೈ ಆನ್ ಆದ ಕ್ಷಣ ಕರೆಂಟನ್ನು ಒಮ್ಮೆಗೇ ಎಳೆಯುತ್ತದೆ, ‘ಬಿ’ ಕರ್ವ್ ಆದರೆ ಅದಕ್ಕೇ ಬಿದ್ದರೂ ಬಿದ್ದೀತು. ಪ್ರತಿ ಸ್ಟೇಷನ್ ಹಿಂದೆ ಗೋಡೆಯಲ್ಲೇ ಸ್ವಿಚ್ ಇರುವ ಮೂರು ಸಾಕೆಟ್ ಇರಲಿ: ಟಿವಿಗೆ, ಕನ್ಸೋಲ್‌ಗೆ, ಕಂಟ್ರೋಲರ್ ಚಾರ್ಜರ್‌ಗೆ. ಆಗ ಎಕ್ಸ್‌ಟೆನ್ಷನ್ ಬಾಕ್ಸ್ ಬೇಕಾಗುವುದೇ ಇಲ್ಲ.

ಎಸಿಗೆ ಪ್ರತ್ಯೇಕ ವೈರ್, ಪ್ರತ್ಯೇಕ ಎಂಸಿಬಿ. ಕನ್ಸೋಲ್ ಸರ್ಕ್ಯೂಟ್‌ಗಳಿಗೆ, ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪ್ ಆರ್‌ಸಿಸಿಬಿ ಇರಲೇಬೇಕು, ಬಂದು ಕೂರುವವರು ಹೆಚ್ಚಾಗಿ ಹುಡುಗರು.

ಈಗ ಒಟ್ಟು ಮೊತ್ತ. ಆರು ಸ್ಟೇಷನ್‌ಗೆ 2,700, ಎಸಿಗೆ ಸುಮಾರು 1,700, ಲೈಟು, ಫ್ಯಾನು, ರೂಟರ್‌ಗೆ 300. ಒಟ್ಟು 4,700 ವ್ಯಾಟ್, 20 ಆಂಪ್ ದಾಟುತ್ತದೆ. ನಿಮ್ಮ ಕರೆಂಟ್ ಬಿಲ್‌ನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ. ಹಿಂದೆ ಝೆರಾಕ್ಸ್ ಅಂಗಡಿಯೋ ಬಟ್ಟೆ ಅಂಗಡಿಯೋ ಇದ್ದ ಮಳಿಗೆಯಲ್ಲಿ ಒಂದೆರಡು ಕಿಲೋವ್ಯಾಟ್ ಮಾತ್ರ ಇದ್ದರೆ ಆಶ್ಚರ್ಯವಿಲ್ಲ. ಐದು ಕಿಲೋವ್ಯಾಟ್‌ಗೆ ಏರಿಸಲು ಬೆಸ್ಕಾಂ ಕಚೇರಿಯಲ್ಲಿ ಅರ್ಜಿ ಕೊಡಿ, ಸಿಂಗಲ್ ಫೇಸ್ ಸಾಕೇ, ತ್ರೀ ಫೇಸ್ ಬೇಕೇ ಎಂದು ಅಲ್ಲೇ ಕೇಳಿ. ಕೆಲಸವನ್ನು ಲೈಸೆನ್ಸ್ ಇರುವ ಗುತ್ತಿಗೆದಾರರಿಂದಲೇ ಮಾಡಿಸಿ. ಮಳಿಗೆ ಮಾಲೀಕರು "ನಮ್ಮ ಹುಡುಗನೇ ಮಾಡ್ತಾನೆ ಬಿಡಿ" ಅನ್ನಬಹುದು, ಒಪ್ಪಬೇಡಿ.

ಕೆಲಸ ಮುಗಿದ ಮೇಲೆ ಎರಡು ಪರೀಕ್ಷೆ ಮಾಡಿಸಿ. ಆರೂ ಸ್ಟೇಷನ್‌ನಲ್ಲಿ ಆಟ ನಡೆಯುವಾಗ ಡಿಬಿಯಲ್ಲಿ ಒಂದೊಂದು ಸರ್ಕ್ಯೂಟ್‌ನ ಫೇಸ್ ವೈರ್‌ಗೆ ಕ್ಲ್ಯಾಂಪ್ ಮೀಟರ್ ಹಿಡಿದರೆ 4 ಆಂಪ್ ಆಸುಪಾಸು ತೋರಬೇಕು. ಸಾಕೆಟ್‌ನಲ್ಲಿ ನ್ಯೂಟ್ರಲ್‌ಗೂ ಅರ್ತ್‌ಗೂ ನಡುವೆ ಒಂದೆರಡು ವೋಲ್ಟ್ ಇದ್ದರೆ ಸರಿ, ಹತ್ತಿಪ್ಪತ್ತು ತೋರಿಸಿದರೆ ಅರ್ತಿಂಗ್ ಅಥವಾ ನ್ಯೂಟ್ರಲ್ ಕೈಕೊಟ್ಟಿದೆ.

ಪಿಎಸ್5ರ ಪವರ್ ಕೇಬಲ್‌ಗೆ ಎರಡೇ ಪಿನ್, ಅರ್ತ್ ಇಲ್ಲ. ಹೆಚ್ಚಿನ ಟಿವಿಗಳದ್ದೂ ಹಾಗೆಯೇ. ಎಚ್‌ಡಿಎಂಐ ಕೇಬಲ್‌ನ ಲೋಹಕ್ಕೆ ಕೈ ತಾಗಿದಾಗ ಜುಮ್ಮೆನ್ನುವುದು ಪವರ್ ಸಪ್ಲೈಯ ಫಿಲ್ಟರ್‌ನಿಂದ ಸೋರುವ ಅಲ್ಪ ಕರೆಂಟ್. ಅದರಿಂದ ಮನುಷ್ಯರಿಗೆ ಸಾಮಾನ್ಯವಾಗಿ ಅಪಾಯವಿಲ್ಲ, ಆದರೆ ಎರಡೂ ಆನ್ ಇರುವಾಗ ಎಚ್‌ಡಿಎಂಐ ಕಿತ್ತು ಹಾಕಿದರೆ ಪೋರ್ಟ್ ಹೋಗಬಹುದು. ಮೊದಲು ಮೆನುವಿನಿಂದ ಕನ್ಸೋಲ್, ಆಮೇಲೆ ಗೋಡೆ ಸ್ವಿಚ್ ಆಫ್ ಮಾಡಿಯೇ ಕೇಬಲ್ ಮುಟ್ಟುವಂತೆ ಹುಡುಗರಿಗೆ ಹೇಳಿ. ರಾತ್ರಿ ಬಾಗಿಲು ಹಾಕುವಾಗ ಮೇನ್ ಕೆಳಗಿಳಿಸಿ ಹೋಗುವ ಅಭ್ಯಾಸವನ್ನೂ ಬಿಡಿ. ಮೊದಲು ಮೆನುವಿನಿಂದ ಕನ್ಸೋಲ್ ಆಫ್ ಆಗಲಿ. ಇಲ್ಲದಿದ್ದರೆ ಡೇಟಾ ಹಾಳಾಗಬಹುದು, ಮರುದಿನ ಸ್ಟೋರೇಜ್ ರಿಪೇರಿ ಮಾಡುತ್ತ ಕೂರಬೇಕು.

ಇನ್ನು ಲ್ಯಾಗ್. ವೈಫೈ ಬಿಟ್ಟು ಆರೂ ಕನ್ಸೋಲ್‌ಗೆ ಕೇಬಲ್ ಎಳೆಯಿರಿ. ಎಂಟು ಪೋರ್ಟ್‌ನ ಗಿಗಾಬಿಟ್ ನೆಟ್‌ವರ್ಕ್ ಸ್ವಿಚ್ ಒಂದು ಸಾಕು: ಆರು ಕನ್ಸೋಲ್‌ಗೆ, ಒಂದು ರೂಟರ್‌ಗೆ, ಒಂದು ಖಾಲಿ. ಕ್ಯಾಟ್6 ಕೇಬಲನ್ನು ಕರೆಂಟ್ ವೈರಿನ ಕೇಸಿಂಗ್‌ನಲ್ಲಿ ತುರುಕಬೇಡಿ, ಬೇರೆ ಪಟ್ಟಿ ಹಾಕಿಸಿ. ಕೇಬಲ್‌ನ ಎರಡೂ ತುದಿಯನ್ನು ಅದೇ ಸ್ವಿಚ್‌ಗೆ ಸಿಕ್ಕಿಸಿದರೆ ಇಡೀ ನೆಟ್‌ವರ್ಕ್ ನಿಂತುಹೋಗುತ್ತದೆ. ಸ್ವಿಚ್‌ನ ದೀಪಗಳೆಲ್ಲ ಒಟ್ಟಿಗೆ ಹುಚ್ಚೆದ್ದು ಮಿನುಗಿದರೆ ಮೊದಲು ಅದನ್ನು ನೋಡಿ.

ಆದರೆ ಸ್ವಿಚ್ ಹಾಕಿದ ಮಾತ್ರಕ್ಕೆ ಅಪ್‌ಡೇಟ್‌ನ ತೊಂದರೆ ಹೋಗದು. ಆನ್‌ಲೈನ್ ಆಟಕ್ಕೆ ಬೇಕಾಗುವ ಸ್ಪೀಡ್ ಬಹಳ ಕಡಿಮೆ, ಅದಕ್ಕೆ ಬೇಕಾದದ್ದು ತಡವಿಲ್ಲದ ದಾರಿ. 100 ಜಿಬಿಯ ಆಟವೊಂದು 100 ಎಂಬಿಪಿಎಸ್ ಲೈನನ್ನು ಪೂರ್ತಿ ಹಿಡಿದುಕೊಂಡರೂ ಇಳಿಯಲು ಎರಡು ಗಂಟೆಯ ಮೇಲಾಗುತ್ತದೆ. ಅಷ್ಟು ಹೊತ್ತೂ ಉಳಿದವರ ಡೇಟಾ ಅದರ ಹಿಂದೆ ಸಾಲು ನಿಂತಿರುತ್ತದೆ. ಪ್ರತಿ ಕನ್ಸೋಲ್‌ನಲ್ಲೂ Settings > Saved Data and Game/App Settings > Automatic Updates ತೆರೆದು ಆಟೋ ಡೌನ್‌ಲೋಡ್ ನಿಲ್ಲಿಸಿ. ಬೆಳಗ್ಗೆ ಅಂಗಡಿ ತೆಗೆಯುವ ಮೊದಲು ನೀವೇ ಅಪ್‌ಡೇಟ್ ಹಾಕಿ. ರೂಟರ್‌ನಲ್ಲಿ ಒಂದೊಂದು ಸಾಧನಕ್ಕೆ ಸ್ಪೀಡ್ ಮಿತಿ ಹಾಕುವ ಸೌಲಭ್ಯವಿದ್ದರೆ ಕನ್ಸೋಲ್‌ಗೆ 15 ಎಂಬಿಪಿಎಸ್ ಇಡಿ. ಆರೂ ಒಟ್ಟಿಗೆ ಎಳೆದರೂ 90 ದಾಟದು.

ಆಮೇಲೆ Settings > Network > Connection Status > Test Internet Connection ಒತ್ತಿ. ಬೇರೆ ಆಟಗಾರರ ಜೊತೆ ಸಂಪರ್ಕ ಎಷ್ಟು ಸಲೀಸು ಎಂದು ಹೇಳುವ NAT Type ಅಲ್ಲಿ ಕಾಣುತ್ತದೆ, 2 ಬಂದರೆ ಸರಿ. 3 ಬಂದರೆ ಫೈಬರ್ ಕಂಪನಿಯ ರೂಟರ್ ಹಿಂದೆ ನಿಮ್ಮದೇ ಇನ್ನೊಂದು ರೂಟರ್ ಕೂತಿದೆಯೇ ನೋಡಿ, ಇದ್ದರೆ ಅದನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಬದಲಿಸಿ. ಪೋರ್ಟ್ ಫಾರ್ವರ್ಡಿಂಗ್ ಇಲ್ಲಿ ಕೆಲಸಕ್ಕೆ ಬಾರದು, ಒಂದು ಪೋರ್ಟನ್ನು ಒಂದೇ ಕನ್ಸೋಲ್‌ಗೆ ಕೊಡಲು ಸಾಧ್ಯ. ಅದರ ಬದಲು ರೂಟರ್‌ನಲ್ಲಿ UPnP ಆನ್ ಮಾಡಿ, ಆಗ ಪ್ರತಿ ಕನ್ಸೋಲ್ ತನಗೆ ಬೇಕಾದ ಪೋರ್ಟನ್ನು ತಾನೇ ತೆರೆಸಿಕೊಳ್ಳುತ್ತದೆ. ಇಷ್ಟಾದರೂ 3 ಅಂತಲೇ ತೋರಿಸಿದರೆ, ಕಂಪನಿಯವರು ಒಂದೇ ಐಪಿಯನ್ನು ಹಲವು ಗ್ರಾಹಕರಿಗೆ ಹಂಚಿರಬಹುದು. ಪಬ್ಲಿಕ್ ಐಪಿ ಬೇಕೆಂದು ಅವರನ್ನೇ ಕೇಳಬೇಕು. ನಿಮ್ಮಲ್ಲಿ ಎಲ್ಲರೂ ಒಂದೇ ಟಿವಿ ಮುಂದೆ ಕೂತು ಎರಡು ಕಂಟ್ರೋಲರ್‌ನಲ್ಲಿ ಫುಟ್‌ಬಾಲ್ ಆಡುವವರೇ ಆಗಿದ್ದರೆ ಪಬ್ಲಿಕ್ ಐಪಿಗೆ ಖರ್ಚು ಮಾಡುವುದು ಬೇಡ.